ಪರಿಚಯವಿಲ್ಲದ ಮೇಡಂ ಬಳಿ ಇಪ್ಪತ್ತು ನಿಮಿಷ ಕೇಳಿದ್ದು

2024ರಲ್ಲಿ ನಾನು ನಂಜನಗೂಡಿನ ಒಂದು ಔಷಧ ಕಾರ್ಖಾನೆಯ ಕ್ಯೂಸಿ, ಅಂದರೆ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿ ಕೆಮಿಸ್ಟ್ ಆಗಿದ್ದೆ. ಮಾತ್ರೆಯಲ್ಲಿ ಔಷಧದ ಅಂಶ ಸರಿಯಾಗಿದೆಯಾ, ಕಲ್ಮಶ ಎಷ್ಟಿದೆ, ಎಷ್ಟು ಹೊತ್ತಿನಲ್ಲಿ ಕರಗುತ್ತದೆ ಎಂದು ಎಚ್‌ಪಿಎಲ್‌ಸಿ ಯಂತ್ರದ ಮುಂದೆ ಕೂತು ನೋಡುವ ಕೆಲಸ. ಕೆಲಸ ಬೇಜಾರಿರಲಿಲ್ಲ. ಆದರೆ ನಾನು ಬರೆದ ರಿಪೋರ್ಟು ಆಮೇಲೆ ಎಲ್ಲಿಗೆ ಹೋಗುತ್ತದೆ, ಅದನ್ನು ಓದುವವರು ಏನು ಕೇಳುತ್ತಾರೆ ಎನ್ನುವ ಕುತೂಹಲ ಜಾಸ್ತಿಯಾಗುತ್ತಾ ಹೋಯಿತು. ಅದು ಹೋಗುವುದು ರೆಗ್ಯುಲೇಟರಿ ಅಫೇರ್ಸ್ ವಿಭಾಗಕ್ಕೆ. ಅಮೆರಿಕದ ಎಫ್‌ಡಿಎ ತರಹ ಔಷಧಕ್ಕೆ ಅನುಮತಿ ಕೊಡುವ ಸಂಸ್ಥೆಗಳಿಗೆ ಸಲ್ಲಿಸುವ ದಾಖಲೆಗಳ ಕಟ್ಟು, ಅಂದರೆ ಡಾಸಿಯರ್, ತಯಾರಾಗುವುದು ಅಲ್ಲೇ. ನಾನೂ ಅಲ್ಲಿಗೆ ಹೋಗಬಹುದಾ? ಕ್ಯೂಸಿಯಿಂದ ಹೋದವರಿಗೆ ನಿಜವಾಗಿ ಏನು ಕಷ್ಟವಾಯಿತು? ನಮ್ಮ ಲ್ಯಾಬಿನಲ್ಲಿ ಇದಕ್ಕೆ ಉತ್ತರ ಗೊತ್ತಿದ್ದವರು ಯಾರೂ ಇರಲಿಲ್ಲ. ಹೋದವರನ್ನೇ ಕೇಳಬೇಕಿತ್ತು.

ಕೇಳುವುದು ಹೇಗೆ ಎಂದು ಯೋಚಿಸುತ್ತಿದ್ದಾಗ ದೊಡ್ಡಪ್ಪನ ಮಗ ಬೆಂಗಳೂರಿನಿಂದ ಹಬ್ಬಕ್ಕೆ ಮನೆಗೆ ಬಂದಿದ್ದ. ಅವನು ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್. ಲಿಂಕ್ಡ್‌ಇನ್‌ನಲ್ಲಿ ಪರಿಚಯವಿಲ್ಲದವರಿಂದ ಅವನಿಗೆ ದಿನವೂ ಮೆಸೇಜ್ ಬರುತ್ತದೆ. "ನೋಡು ಇಲ್ಲಿ" ಅಂತ ಫೋನ್ ಕೈಗೆ ಕೊಟ್ಟ. ಅರ್ಧದಷ್ಟು ಬರೀ "ಹಾಯ್ ಸರ್", ಅದರ ಕೆಳಗೆ ಏನೂ ಇಲ್ಲ. ಇನ್ನು ಕೆಲವು ರೆಸ್ಯೂಮೆ ಅಂಟಿಸಿ "ರೆಫರ್ ಮಾಡಿ" ಎನ್ನುವವು. ಒಂದು ಮೆಸೇಜು ಮಾತ್ರ ಉದ್ದಕ್ಕೆ, ಮರ್ಯಾದೆಯಾಗಿ ಬರೆದಿತ್ತು. ಬರೆದ ಹುಡುಗ ತನ್ನ ಕಥೆಯನ್ನೆಲ್ಲ ಹೇಳಿ, ಕೊನೆಗೆ "ನಿಮಗೆ ಯಾವಾಗ ಅನುಕೂಲವೋ ಆಗ ಮಾತಾಡೋಣ ಸರ್, ನಾನು ಯಾವಾಗಲೂ ಫ್ರೀ" ಎಂದಿದ್ದ.

"ಇದಕ್ಕೆ ಉತ್ತರ ಕೊಟ್ಯಾ?" ಅಂದೆ.

"ಕೊಡಬೇಕು ಅಂತಾನೇ ಇದ್ದೆ ಕಣೋ. ಆದ್ರೆ ಏನಂತ ಕೊಡ್ಲಿ? ನಾನು ಕ್ಯಾಲೆಂಡರ್ ತೆಗೀಬೇಕು, ಟೈಮ್ ಹುಡುಕಬೇಕು, ಅವನಿಗೆ ಕಳಿಸಬೇಕು, ಅವನು ಆಗಲ್ಲ ಅಂದ್ರೆ ಮತ್ತೆ ಹುಡುಕಬೇಕು. ನಾಳೆ ನೋಡೋಣ ಅಂದೆ, ಎರಡು ತಿಂಗಳಾಯ್ತು."

ಆ ಹುಡುಗನ ಮಾತಿನಲ್ಲಿ ವಿನಯಕ್ಕೇನೂ ಕಡಿಮೆಯಿರಲಿಲ್ಲ. ಆದರೆ ಹುಡುಕುವ ಕೆಲಸವನ್ನೆಲ್ಲ ಓದುವವರ ತಲೆಗೆ ಕಟ್ಟಿಬಿಟ್ಟಿದ್ದ. ನನ್ನ ಮೆಸೇಜಿಗೆ "ಆಯ್ತು, ಎರಡನೇದು" ಎಂದು ಒಂದು ಸಾಲಿನಲ್ಲಿ ಉತ್ತರ ಕೊಡಲು ಆಗಬೇಕು. ಹಾಗೆ ಬರೆಯಬೇಕು ಎಂದು ಅವತ್ತೇ ನಿರ್ಧರಿಸಿದೆ.

ಯಾರಿಗೆ ಬರೆಯುವುದು ಎಂದು ಹುಡುಕುವುದಕ್ಕೇ ಜಾಸ್ತಿ ಸಮಯ ಹಿಡಿಯಿತು. ನಾನು ಎಂಎಸ್ಸಿ ಓದಿದ್ದು ಮಾನಸಗಂಗೋತ್ರಿಯಲ್ಲಿ. ಲಿಂಕ್ಡ್‌ಇನ್‌ನಲ್ಲಿ ವಿಶ್ವವಿದ್ಯಾಲಯದ ಪುಟಕ್ಕೆ ಹೋದರೆ ಹಳೇ ವಿದ್ಯಾರ್ಥಿಗಳ ಪಟ್ಟಿ ಸಿಗುತ್ತದೆ. ಅಲ್ಲಿ ಕೆಲಸದ ಹೆಸರು ಹಾಕಿ ಸೋಸಬಹುದು. ರೆಗ್ಯುಲೇಟರಿ ಎಂದು ಹಾಕಿದೆ. ಬಂದವರಲ್ಲಿ ದೊಡ್ಡ ದೊಡ್ಡ ಹುದ್ದೆಯವರನ್ನು ಬಿಟ್ಟೆ. ವೈಸ್ ಪ್ರೆಸಿಡೆಂಟ್ ಆದವರಿಗೆ ಮೊದಲ ಕೆಲಸದ ನೆನಪು ಹಳೆಯದಾಗಿರುತ್ತದೆ, ಪುರುಸೊತ್ತೂ ಇರುವುದಿಲ್ಲ. ನನಗೆ ಬೇಕಾದದ್ದು ಕ್ಯೂಸಿಯಲ್ಲಿ ಶುರುಮಾಡಿ, ಆಮೇಲೆ ಈ ಕಡೆ ಬಂದು, ಈಗ ತಾವೇ ಜನರನ್ನು ಕೆಲಸಕ್ಕೆ ಆರಿಸುವ ಮಟ್ಟದಲ್ಲಿರುವವರು. ಅಂಥವರು ಕೆಲವರು ಸಿಕ್ಕರು. ಅವರಲ್ಲೊಬ್ಬ ಮೇಡಂ ನ್ಯೂಜೆರ್ಸಿಯಲ್ಲಿದ್ದರು. ಲ್ಯಾಬಿನಲ್ಲಿ ನಾಲ್ಕು ವರ್ಷ, ಆಮೇಲೆ ಬೆಂಗಳೂರಿನಲ್ಲಿ ರೆಗ್ಯುಲೇಟರಿ, ಆಮೇಲೆ ಅಮೆರಿಕ. ಒಂದು ವೆಬಿನಾರ್‌ನಲ್ಲಿ ಅವರು ಸ್ಟೆಬಿಲಿಟಿ, ಅಂದರೆ ಔಷಧ ಎಷ್ಟು ಕಾಲ ಕೆಡದೆ ಉಳಿಯುತ್ತದೆ ಎಂಬ ಮಾಹಿತಿಯ ಬಗ್ಗೆ ಮಾತಾಡಿದ್ದು ಯೂಟ್ಯೂಬ್‌ನಲ್ಲಿತ್ತು. ಎಫ್‌ಡಿಎ ಕೇಳುವ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಲ್ಯಾಬಿನ ನೋಟ್‌ಬುಕ್‌ನಲ್ಲೇ ಇರುತ್ತದೆ, ಡಾಸಿಯರ್ ಬರೆಯುವವರಿಗೆ ಅದು ಗೊತ್ತಿರುವುದಿಲ್ಲ ಎಂದು ಅದರಲ್ಲಿ ಹೇಳಿದ್ದರು. ಪೂರ್ತಿ ನೋಡಿದೆ. ನನ್ನ ಪ್ರಶ್ನೆ ಹುಟ್ಟಿದ್ದೇ ಅಲ್ಲಿ.

ಉಚಿತ ಖಾತೆಯಿದ್ದರೆ ಕನೆಕ್ಷನ್ ಕೋರಿಕೆಯ ಜೊತೆ ಕಳಿಸುವ ಟಿಪ್ಪಣಿಗೆ 200 ಅಕ್ಷರ ಮಾತ್ರ ಸಿಗುತ್ತದೆ, ಅದೂ ತಿಂಗಳಿಗೆ ಕೆಲವೇ. ಅಷ್ಟರಲ್ಲಿ ಎಲ್ಲ ತುರುಕಲು ಹೋದರೆ ಏನೂ ಅರ್ಥವಾಗುವುದಿಲ್ಲ. ಹಾಗಾಗಿ ಟಿಪ್ಪಣಿಯಲ್ಲಿ ಮೈಸೂರಿನ ಎಂಎಸ್ಸಿ, ಕ್ಯೂಸಿ ಕೆಲಸ, ನಿಮ್ಮ ಸ್ಟೆಬಿಲಿಟಿ ವೆಬಿನಾರ್ ಬಗ್ಗೆ ಒಂದು ಪ್ರಶ್ನೆ ಇದೆ ಎಂದಷ್ಟೇ ಬರೆದೆ. ಒಪ್ಪಿಕೊಂಡರು. ನಿಜವಾದ ಮೆಸೇಜು ಆಮೇಲೆ.

ಅದನ್ನು ಬರೆಯುವ ಮೊದಲು ಒಂದು ಕಾಗದದಲ್ಲಿ ಸಮಯದ ಲೆಕ್ಕ ಹಾಕಿದೆ. ನಮ್ಮ ಎ ಶಿಫ್ಟ್ ಬೆಳಿಗ್ಗೆ ಆರರಿಂದ ಎರಡು, ಬಿ ಎರಡರಿಂದ ರಾತ್ರಿ ಹತ್ತು, ಸಿ ಹತ್ತರಿಂದ ಬೆಳಿಗ್ಗೆ ಆರು. ವಾರಕ್ಕೊಮ್ಮೆ ಬದಲಾಗುತ್ತದೆ. ಲ್ಯಾಬಿನೊಳಗೆ ಫೋನ್ ತರುವ ಹಾಗಿಲ್ಲ, ಗೇಟಿನ ಲಾಕರ್‌ನಲ್ಲಿ ಇಡಬೇಕು. ಅಂದರೆ ಬಿ ಶಿಫ್ಟಿನ ವಾರ ಸಂಜೆ ಮಾತಾಡುವ ಮಾತೇ ಇಲ್ಲ. ಅಮೆರಿಕದವರ ಬೆಳಿಗ್ಗೆ ನಮಗೆ ಸಂಜೆ. ಹಾಗಾಗಿ ಎ ಮತ್ತು ಸಿ ವಾರಗಳನ್ನು ಮಾತ್ರ ಲೆಕ್ಕಕ್ಕೆ ತಗೊಂಡೆ.

ಅದರ ಮೇಲೆ ಇನ್ನೊಂದು ತೊಡಕು. ಅಮೆರಿಕದಲ್ಲಿ ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. 2024ರಲ್ಲಿ ಅದು ನವೆಂಬರ್ 3. ಅಲ್ಲಿಯವರೆಗೆ ನ್ಯೂಜೆರ್ಸಿಗಿಂತ ನಾವು ಒಂಬತ್ತೂವರೆ ಗಂಟೆ ಮುಂದೆ, ಆಮೇಲೆ ಹತ್ತೂವರೆ ಗಂಟೆ. ಅಕ್ಟೋಬರ್ 30ರಂದು ಅವರ ಬೆಳಿಗ್ಗೆ ಎಂಟು ನನಗೆ ಸಂಜೆ ಐದೂವರೆ. ನವೆಂಬರ್ 6ರಂದು ಅದೇ ಬೆಳಿಗ್ಗೆ ಎಂಟು ನನಗೆ ಆರೂವರೆ. ನಾನು ಕೊಡಬೇಕೆಂದಿದ್ದ ದಿನಗಳು ಈ ಭಾನುವಾರದ ಆಚೆ ಈಚೆ ಎರಡೂ ಕಡೆ ಬಿದ್ದಿದ್ದವು. ಅದಕ್ಕೇ ಪ್ರತಿ ಸಮಯವನ್ನೂ ಮೊದಲು ಅವರ ಗಡಿಯಾರದಲ್ಲಿ, ಆಮೇಲೆ ನನ್ನ ಗಡಿಯಾರದಲ್ಲಿ ಬರೆದೆ. ಕೂಡಿ ಕಳೆಯುವ ಕೆಲಸ ಕೇಳುವವರದು, ಕೊಡುವವರದಲ್ಲ.

ಮೆಸೇಜು ಬರೆದದ್ದು ಇಂಗ್ಲಿಷಿನಲ್ಲಿ. ಹೊಸಬರ ಜೊತೆ ಆಫೀಸಿನ ವಿಷಯಕ್ಕೆ ನಮ್ಮಲ್ಲಿ ಅದೇ ರೂಢಿ. ಒಳಗಿದ್ದದ್ದು ಇಷ್ಟು:

"ನಮಸ್ಕಾರ ಮೇಡಂ. ಕೋರಿಕೆ ಒಪ್ಪಿಕೊಂಡದ್ದಕ್ಕೆ ಥ್ಯಾಂಕ್ಸ್. ನಾನು ನಂಜನಗೂಡಿನಲ್ಲಿ ಕ್ಯೂಸಿ ಕೆಮಿಸ್ಟ್. ಮೆಥಡ್ ವ್ಯಾಲಿಡೇಶನ್ ಮತ್ತು ಸ್ಟೆಬಿಲಿಟಿ ಸ್ಯಾಂಪಲ್‌ಗಳ ಕೆಲಸ ಮಾಡುತ್ತೇನೆ. ಎಫ್‌ಡಿಎ ಪ್ರಶ್ನೆಗಳ ಉತ್ತರ ಲ್ಯಾಬಿನ ನೋಟ್‌ಬುಕ್‌ನಲ್ಲೇ ಇರುತ್ತದೆ ಎಂದು ನಿಮ್ಮ ವೆಬಿನಾರ್‌ನಲ್ಲಿ ಹೇಳಿದ್ದೀರಿ. ನಾನು ರೆಗ್ಯುಲೇಟರಿ ಕಡೆ ಬರಬೇಕೆಂದಿದ್ದೇನೆ. ನೀವು ಇದೇ ದಾರಿಯಲ್ಲಿ ಬಂದವರು. ಕ್ಯೂಸಿಯವರನ್ನು ಕೆಲಸಕ್ಕೆ ಆರಿಸುವಾಗ ನಿಮಗೆ ಕಾಣುವ ಕೊರತೆ ಯಾವುದು, ಅದನ್ನು ಲ್ಯಾಬಿನಲ್ಲಿದ್ದಾಗಲೇ ತುಂಬಿಕೊಳ್ಳಬಹುದಾ ಎಂದು ಕೇಳಬೇಕಿತ್ತು. ಇಪ್ಪತ್ತು ನಿಮಿಷ ಸಾಕು. ಕೆಲಸ ಅಥವಾ ರೆಫರೆನ್ಸ್ ಕೇಳುತ್ತಿಲ್ಲ.

ಈ ಮೂರರಲ್ಲಿ ಯಾವುದಾದರೂ ಆಗುತ್ತದೆಯೇ? ಬುಧವಾರ, ಅಕ್ಟೋಬರ್ 30, ನಿಮ್ಮ ಬೆಳಿಗ್ಗೆ 8 (ನನಗೆ ಸಂಜೆ 5:30). ಬುಧವಾರ, ನವೆಂಬರ್ 6, ನಿಮ್ಮ ಬೆಳಿಗ್ಗೆ 8 (ನನಗೆ 6:30). ಶನಿವಾರ, ನವೆಂಬರ್ 9, ನಿಮ್ಮ ಬೆಳಿಗ್ಗೆ 9 (ನನಗೆ 7:30). ಯಾವುದೂ ಆಗದಿದ್ದರೆ ಈ ಎರಡು ವಾರಗಳಲ್ಲಿ ನಿಮ್ಮ ಬೆಳಿಗ್ಗೆ ಎಂಟರಿಂದ ಒಂಬತ್ತೂವರೆಯೊಳಗೆ ಯಾವ ದಿನವಾದರೂ ಹೇಳಿ, ಹೊಂದಿಸಿಕೊಳ್ಳುತ್ತೇನೆ. ಮಾತಾಡಲು ಪುರುಸೊತ್ತಿಲ್ಲವೆಂದರೆ ಆ ಒಂದು ಪ್ರಶ್ನೆಗೆ ಎರಡು ಸಾಲು ಬರೆದರೂ ನನಗೆ ಉಪಕಾರ."

ಮೂರೇ ಸಮಯ ಯಾಕೆ ಅಂದರೆ, ಒಂದೇ ಕೊಟ್ಟರೆ ಅಪ್ಪಣೆ ಮಾಡಿದ ಹಾಗಿರುತ್ತದೆ. ಏಳೆಂಟು ಕೊಟ್ಟರೆ ಓದುವುದೇ ಒಂದು ಕೆಲಸ. ಒಂದು ವಾರದ ದಿನ, ಅದರ ಮುಂದಿನ ವಾರದ್ದೊಂದು, ಒಂದು ಶನಿವಾರ. ಕೆಲವರು ರಜೆಯಲ್ಲಿ ಆಫೀಸಿನ ಮಾತು ಬೇಡ ಎನ್ನುತ್ತಾರೆ, ಇನ್ನು ಕೆಲವರಿಗೆ ಶನಿವಾರವೇ ಪುರುಸೊತ್ತು. ಯಾವ ಗುಂಪಿನವರೆಂದು ನನಗೆ ಹೇಗೆ ಗೊತ್ತಾಗಬೇಕು? "ಯಾವಾಗಲೂ ಫ್ರೀ" ಎಂದು ಮಾತ್ರ ಬರೆಯಲಿಲ್ಲ. ಅದು ಸುಳ್ಳೂ ಹೌದು. ಕೊನೆಯ "ಎರಡು ಸಾಲು" ಸೇರಿಸುವಾಗ, ಮಾತಾಡುವ ಮನಸ್ಸಿದ್ದವರೂ ಸುಲಭದ ದಾರಿ ಹಿಡಿದುಬಿಟ್ಟರೆ ಎಂದು ಸ್ವಲ್ಪ ಅಳುಕಿತ್ತು. ಆದರೂ ಇಟ್ಟೆ.

ನನ್ನ ರೆಸ್ಯೂಮೆ ಜೋಡಿಸಲಿಲ್ಲ. ಅದು ಕಂಡ ಕೂಡಲೇ ಕೆಲಸ ಕೇಳುತ್ತಿದ್ದಾರೆ ಅನ್ನಿಸುತ್ತದೆ, ಮೇಲೆ ಬರೆದ ಮಾತು ಸುಳ್ಳಾಗುತ್ತದೆ. ಕಂಪನಿಯ ಯಾವ ಔಷಧದ ಮೇಲೆ ಕೆಲಸ ಮಾಡುತ್ತೇನೆ ಎಂದೂ ಬರೆಯಲಿಲ್ಲ. ಅವರು ಬೇರೆ ಕಂಪನಿಯವರು. ಇನ್ನೂ ಸಲ್ಲಿಸದ ಔಷಧದ ಹೆಸರು ಹೊರಗೆ ಹೇಳುವುದು ನಮ್ಮಲ್ಲಿ ಕೆಲಸ ಹೋಗುವ ವಿಷಯ.

ಅಕ್ಟೋಬರ್ 22, ಮಂಗಳವಾರ ಕಳಿಸಿದೆ. ಉತ್ತರವಿಲ್ಲ. ಒಂದು ವಾರ ಬಿಟ್ಟು ಒಂದೇ ಸಲ ನೆನಪಿಸುವುದು, ಅದಕ್ಕೂ ಉತ್ತರ ಬರದಿದ್ದರೆ ಸುಮ್ಮನಾಗುವುದು ಎಂದು ಮೊದಲೇ ಅಂದುಕೊಂಡಿದ್ದೆ. ನೆನಪಿಸುವಾಗ "ನನ್ನ ಮೆಸೇಜ್ ನೋಡಿದಿರಾ" ಎಂದು ಕೇಳಲಿಲ್ಲ. ನೋಡಿರುತ್ತಾರೆ, ಅದನ್ನು ಎತ್ತಿ ಹೇಳಿದರೆ ತಪ್ಪು ಹೊರಿಸಿದ ಹಾಗೆ. ಅಷ್ಟು ಹೊತ್ತಿಗೆ ನನ್ನ ಮೊದಲ ಸಮಯ ನಾಳೆಯೇ ಇತ್ತು, ಅದು ಇನ್ನು ಆಗದ ಮಾತು. ಅದಕ್ಕೆ ಹೀಗೆ ಬರೆದೆ: "ದೀಪಾವಳಿ ಶುಭಾಶಯ ಮೇಡಂ. ನಾಳೆಯ ಸಮಯ ಬಿಡಿ, ಹಬ್ಬದ ವಾರ. ನವೆಂಬರ್ 6 ಮತ್ತು 9ರ ಬೆಳಿಗ್ಗೆ ಹಾಗೆಯೇ ಖಾಲಿ ಇವೆ." ಹಳೇ ಮೆಸೇಜಿನಲ್ಲಿ ದಾಟಿಹೋದ ದಿನಾಂಕ ಹಾಗೇ ಬಿದ್ದಿದ್ದರೆ ಓದುವವರು "ಓ, ಮುಗಿದೇ ಹೋಯಿತು" ಎಂದು ಬಿಟ್ಟುಬಿಡುತ್ತಾರೆ. ಸಮಯ ಕೊಟ್ಟು ಕೇಳಿದವರು ಅದನ್ನು ಆಗಾಗ ತಾಜಾ ಮಾಡುತ್ತಿರಬೇಕಾಗುತ್ತದೆ.

ರಾತ್ರಿಯೇ ಉತ್ತರ ಬಂತು. "6 ಓಕೆ. 8:15 ಮಾಡೋಣ, ಮಗಳನ್ನು ಸ್ಕೂಲ್ ಬಸ್ ಹತ್ತಿಸಿ ಬರ್ತೀನಿ." ಅಷ್ಟೇ.

ಕೂಡಲೇ ಕ್ಯಾಲೆಂಡರ್ ಆಹ್ವಾನ ಕಳಿಸಿದೆ. ಅದರಲ್ಲಿ ಸಮಯ ವಲಯವನ್ನು ನ್ಯೂಯಾರ್ಕ್ ಎಂದು ಆರಿಸಿ 8:15 ಎಂದು ಹಾಕಿದರೆ, ಗಡಿಯಾರ ಬದಲಾದದ್ದನ್ನು ಅದೇ ನೋಡಿಕೊಂಡು ನನ್ನ ಫೋನಿನಲ್ಲಿ 6:45 ತೋರಿಸುತ್ತದೆ. ಅವಧಿ ಇಪ್ಪತ್ತು ನಿಮಿಷ ಎಂದೇ ಹಾಕಿದೆ. ಕ್ಯಾಲೆಂಡರ್ ತಾನಾಗಿ ಅರ್ಧ ಗಂಟೆಯೋ ಒಂದು ಗಂಟೆಯೋ ಹಾಕುತ್ತದೆ, ಅದನ್ನು ಬದಲಿಸಬೇಕು. ಕೆಳಗೆ ಮೂರು ಪ್ರಶ್ನೆ, ಮತ್ತು ವಿಡಿಯೊ ಬೇಕಿಲ್ಲ, ಬರೀ ಧ್ವನಿ ಸಾಕು ಎಂಬ ಒಂದು ಸಾಲು. ಬೆಳಗಿನ ಹೊತ್ತು ಮನೆಯಲ್ಲಿರುವವರಿಗೆ ಕ್ಯಾಮೆರಾ ಮುಂದೆ ಕೂರುವುದು ಒಂದು ತಯಾರಿ, ಅಲ್ವಾ?

ನವೆಂಬರ್ 6ರಂದು ನನಗೆ ಸಿ ಶಿಫ್ಟ್. ಮಧ್ಯಾಹ್ನದವರೆಗೆ ನಿದ್ದೆ ಮಾಡಿ, ಎದ್ದು, ಆರೂವರೆಗೇ ಮಹಡಿ ಮೇಲೆ ಹೋಗಿ ಕೂತೆ. ಒಂಬತ್ತಕ್ಕೆ ಕಂಪನಿ ಬಸ್ಸು. ಮೇಡಂ ಇಂಗ್ಲಿಷಿನಲ್ಲಿ ಶುರುಮಾಡಿ, ನಾನು ಯಾವ ಬಡಾವಣೆ ಎಂದು ಕೇಳಿ, ಕುವೆಂಪುನಗರ ಅಂದ ಮೇಲೆ "ಹಾಗಾದ್ರೆ ಕನ್ನಡದಲ್ಲೇ ಮಾತಾಡೋಣ ಬಿಡಿ" ಅಂದರು.

ನಾನು ಪರಿಚಯಕ್ಕೆ ಎರಡು ಮಾತು ಆಡಿ ಮೊದಲ ಪ್ರಶ್ನೆಗೆ ಹೋದೆ. ಕ್ಯೂಸಿಯವರಲ್ಲಿ ಏನು ಕೊರತೆ?

"ನಿಮ್ಮೋರಿಗೆ ನಂಬರ್ ಹೇಗೆ ಬಂತು ಅನ್ನೋದು ಚೆನ್ನಾಗಿ ಗೊತ್ತಿರುತ್ತೆ. ಆ ನಂಬರ್ ಇನ್ನೆಲ್ಲೆಲ್ಲಿ ಕಾಣಿಸಿಕೊಳ್ಳುತ್ತೆ ಅನ್ನೋದು ಗೊತ್ತಿರಲ್ಲ" ಅಂದರು. ಆಮೇಲೆ ಬಿಡಿಸಿ ಹೇಳಿದರು. ಡಾಸಿಯರ್‌ನಲ್ಲಿ ಐದು ಮಾಡ್ಯೂಲ್. ಗುಣಮಟ್ಟದ ವಿಷಯವೆಲ್ಲ ಮೂರನೆಯದರಲ್ಲಿ. ಪರೀಕ್ಷೆಯ ವಿಧಾನ ನಂಬಬಹುದಾದದ್ದು ಎಂದು ತೋರಿಸಲು ನಾನು ಬರೆಯುವ ವ್ಯಾಲಿಡೇಶನ್ ರಿಪೋರ್ಟು ಹೋಗಿ ಕೂರುವುದು 3.2.P.5.3 ಎಂಬ ಜಾಗದಲ್ಲಿ. ಒಂದು ಕಲ್ಮಶದ ಮಿತಿ 0.2 ಶೇಕಡಾ ಎಂದು ಇಟ್ಟುಕೊಳ್ಳಿ. ಅದು ಸ್ಪೆಸಿಫಿಕೇಶನ್‌ನಲ್ಲಿ ಇರುತ್ತದೆ, ಬ್ಯಾಚ್ ಫಲಿತಾಂಶದ ಹಾಳೆಯಲ್ಲಿ ಇರುತ್ತದೆ, ಸ್ಟೆಬಿಲಿಟಿ ಕೋಷ್ಟಕದಲ್ಲಿ ಇರುತ್ತದೆ, ಆ ಮಿತಿ ಯಾಕೆ ಎಂಬ ಸಮರ್ಥನೆಯಲ್ಲೂ ಇರುತ್ತದೆ. ಎಲ್ಲೋ ಒಂದು ಕಡೆ ಹಳೇ ಮಿತಿ ಉಳಿದುಬಿಟ್ಟರೆ ಸಾಕು, ಎಫ್‌ಡಿಎಯಿಂದ ಪ್ರಶ್ನೆ ಬರುತ್ತದೆ. ಹೊಸದಾಗಿ ಸೇರಿದವರ ಮೊದಲ ವರ್ಷದ ಕೆಲಸ ಹೆಚ್ಚಾಗಿ ಇದನ್ನು ಹೊಂದಿಸಿ ನೋಡುವುದೇ. "ಇದು ಬೋರ್ ಅನ್ಸಿದ್ರೆ ಈಗ್ಲೇ ಬಿಟ್ಬಿಡಿ" ಅಂದರು. ನನಗೆ ಬೋರ್ ಅನ್ನಿಸಲಿಲ್ಲ.

ಎರಡನೇ ಪ್ರಶ್ನೆ ಡಿಪ್ಲೊಮಾ ಬಗ್ಗೆ. ರೆಗ್ಯುಲೇಟರಿ ಅಫೇರ್ಸ್‌ನಲ್ಲಿ ಒಂದು ವರ್ಷದ ದೂರಶಿಕ್ಷಣ ಕೋರ್ಸಿಗೆ ಸೇರಲಾ ಎಂದು ಕೇಳಿದೆ. ಬೇಡ ಎನ್ನಲಿಲ್ಲ. ಪದಗಳ ಪರಿಚಯವಾಗುತ್ತದೆ, ಆದರೆ ಸಂದರ್ಶನದಲ್ಲಿ ತಾನು ಕೇಳುವುದು ಯಾವ ಭಾಗವನ್ನು ನೀವೇ ಬರೆದಿದ್ದೀರಿ ಎಂದು, ಅದಕ್ಕೆ ಕೋರ್ಸಿನಲ್ಲಿ ಉತ್ತರ ಇರುವುದಿಲ್ಲ ಅಂದರು. "ನಿಮ್ಮ ಪ್ಲಾಂಟಿಗೆ ಪ್ರಶ್ನೆ ಬರೋದೇ ಇಲ್ವಾ? ಮೆಥಡ್ ಬಗ್ಗೆ ಬಂದಾಗ ಉತ್ತರದ ಮೊದಲ ಕರಡು ಯಾರು ಬರೀತಾರೆ?"

ಅದು ಬರುವುದು ಕ್ಯೂಸಿಗೇ. ನಮ್ಮ ಸೆಕ್ಷನ್ ಹೆಡ್ ಮಾಹಿತಿ ಒಟ್ಟು ಮಾಡಿ ಕಳಿಸುತ್ತಾರೆ, ಬರವಣಿಗೆ ರೆಗ್ಯುಲೇಟರಿಯವರದು. "ಮುಂದಿನ ಸಲ ಕರಡು ನಾನು ಬರೀತೀನಿ ಅಂತ ಕೇಳಿ. ಯಾರೂ ಬೇಡ ಅನ್ನಲ್ಲ, ಅದು ಯಾರಿಗೂ ಬೇಡದ ಕೆಲಸ" ಎಂದು ನಕ್ಕರು. ಹೊರಗಿನ ಕಂಪನಿಗೆ ಹಾರುವುದಕ್ಕಿಂತ ಇರುವ ಕಂಪನಿಯೊಳಗೇ ವಿಭಾಗ ಬದಲಿಸುವುದು ಸುಲಭ, ಯಾಕೆಂದರೆ ಔಷಧದ ಹಿನ್ನೆಲೆ ನಿಮಗೆ ಆಗಲೇ ಗೊತ್ತಿರುತ್ತದೆ ಎಂಬುದು ಅವರ ಅಭಿಪ್ರಾಯ. ಸಂಬಳ ಮಾತ್ರ ಒಳಗೆ ಬದಲಾದವರಿಗೆ ಅಷ್ಟು ಏರುವುದಿಲ್ಲ ಎಂದೂ ಸೇರಿಸಿದರು. ಇದು ನನಗೆ ಮೊದಲೇ ಗೊತ್ತಾದದ್ದು ಒಳ್ಳೆಯದೇ ಆಯಿತು.

ಹದಿನೆಂಟು ನಿಮಿಷ ಆದಾಗ ಮೂರನೇ ಪ್ರಶ್ನೆ ಇನ್ನೂ ಉಳಿದಿತ್ತು. "ಮೇಡಂ, ಇನ್ನೆರಡು ನಿಮಿಷ ಇದೆ. ನಿಮಗೆ ಮೀಟಿಂಗ್ ಇದ್ರೆ ಇಲ್ಲಿಗೆ ನಿಲ್ಸೋಣ" ಅಂದೆ. ಇದನ್ನು ಕೇಳುವವರೇ ಹೇಳಬೇಕು. ಸಮಯ ಕೊಟ್ಟವರು ಗಡಿಯಾರ ನೋಡುತ್ತಾ ಕೂರಬಾರದು. "ಕಾಫಿ ಆಗೋ ತನಕ ಮಾತಾಡಿ" ಅಂದರು. ಮೂರನೇ ಪ್ರಶ್ನೆ ಬಿಟ್ಟು, ಇನ್ಯಾರ ಬಳಿ ಮಾತಾಡಿದರೆ ಒಳ್ಳೆಯದು ಎಂದು ಕೇಳಿದೆ. ಬೆಂಗಳೂರಿನಲ್ಲಿರುವ ತಮ್ಮ ಹಳೇ ಸಹೋದ್ಯೋಗಿಯೊಬ್ಬರ ಹೆಸರು ಹೇಳಿ, ತಮ್ಮ ಹೆಸರು ಹೇಳಿಯೇ ಬರೆಯಿರಿ ಅಂದರು. ಮೂರನೇ ಪ್ರಶ್ನೆಗೆ ಉತ್ತರ ಆ ಸಹೋದ್ಯೋಗಿಯಿಂದ ಸಿಕ್ಕಿತು.

ಬಸ್ಸಿನಲ್ಲಿ ಕೂತು ಥ್ಯಾಂಕ್ಸ್ ಬರೆದೆ, ನಾಲ್ಕು ಸಾಲು. ನಿಮ್ಮ ಮಾತು ತುಂಬಾ ಉಪಯೋಗವಾಯಿತು ಎಂಬುದರ ಬದಲು ಏನು ಮಾಡಲಿದ್ದೇನೆ ಎಂದು ಬರೆದೆ: ಮುಂದಿನ ಪ್ರಶ್ನೆಯ ಕರಡು ಕೇಳಿ ತಗೊಳ್ಳುತ್ತೇನೆ, ಡಿಪ್ಲೊಮಾ ಸದ್ಯಕ್ಕೆ ಬೇಡ. ಅಂಥ ಪ್ರಶ್ನೆ ಬರಲು ಸಂಕ್ರಾಂತಿ ದಾಟಬೇಕಾಯಿತು. ಔಷಧವನ್ನು ಬೇಕೆಂದೇ ಬಿಸಿ, ಆಮ್ಲ, ಬೆಳಕಿಗೆ ಒಡ್ಡಿ ಕೆಡಿಸಿ ನೋಡುವ ಪರೀಕ್ಷೆಯಲ್ಲಿ, ಯಂತ್ರದ ಗ್ರಾಫಿನ ಮುಖ್ಯ ಪೀಕ್‌ನ ಒಳಗೆ ಬೇರೇನೂ ಅಡಗಿಲ್ಲ ಎಂಬುದಕ್ಕೆ ಪುರಾವೆ ಕೊಡಿ ಎಂದು ಕೇಳಿದ್ದರು. ಪುರಾವೆ ನೋಟ್‌ಬುಕ್‌ನಲ್ಲಿತ್ತು, ರಿಪೋರ್ಟಿಗೆ ಬಂದಿರಲಿಲ್ಲ. ಕರಡು ನಾನು ಬರೆದೆ, ರೆಗ್ಯುಲೇಟರಿಯವರು ಅರ್ಧಕ್ಕರ್ಧ ಕತ್ತರಿಸಿದರು. ಹಾಗೆ ಕತ್ತರಿಸಿದವರೇ ಆಮೇಲೆ ತಮ್ಮ ವಿಭಾಗದಲ್ಲಿ ಜಾಗ ಖಾಲಿಯಾದಾಗ ನನ್ನ ಹೆಸರು ಹೇಳಿದರು. ಇದನ್ನು ಮೇಡಂಗೆ ಬರೆದಾಗ, ಔಷಧದ ಹೆಸರು ಬಿಟ್ಟು ಪ್ರಶ್ನೆ ಏನಿತ್ತು ಎಂದು ಕೇಳಿ ಖುಷಿಪಟ್ಟರು.

ಅದೇ ಮೆಸೇಜನ್ನು ಊರು, ಪ್ರಶ್ನೆ, ಸಮಯ ಬದಲಿಸಿ ಕಳಿಸಿದ ಉಳಿದವರಲ್ಲಿ ಹೆಚ್ಚಿನವರು ಉತ್ತರಿಸಲಿಲ್ಲ. ಅವರಿಗೂ ಒಮ್ಮೆ ನೆನಪಿಸಿ ಬಿಟ್ಟೆ. ಹೈದರಾಬಾದಿನ ಒಬ್ಬರು ಮಾತ್ರ ಮಾತಾಡಲು ಆಗುವುದಿಲ್ಲ, ಊರೂರು ತಿರುಗುವ ಕೆಲಸ ಎಂದು ಹೇಳಿ, ಆ "ಎರಡು ಸಾಲು" ದಾರಿ ಹಿಡಿದರು. ಎರಡು ಸಾಲಿನ ಬದಲು ಒಂದು ಪುಟದಷ್ಟು ಬರೆದಿದ್ದರು. ಎಫ್‌ಡಿಎ ಎಷ್ಟೋ ಔಷಧಗಳಿಗೆ ಪ್ರತ್ಯೇಕವಾಗಿ ಹೊರಡಿಸುವ ಮಾರ್ಗಸೂಚಿಗಳು ಅದರ ವೆಬ್‌ಸೈಟಿನಲ್ಲೇ ಉಚಿತವಾಗಿ ಸಿಗುತ್ತವೆ, ನಿಮ್ಮ ಲ್ಯಾಬಿನಲ್ಲಿ ಪರೀಕ್ಷಿಸುವ ಔಷಧಗಳದ್ದನ್ನು ಒಂದೊಂದಾಗಿ ಓದಿ ಎಂದು. ಸಿ ಶಿಫ್ಟಿಗೆ ಮುಂಚಿನ ಸಂಜೆಗಳಲ್ಲಿ ಅವನ್ನೇ ಓದಿದೆ. ಈಗ ನನಗೆ ಜನರಲ್ ಶಿಫ್ಟ್, ಒಂಬತ್ತರಿಂದ ಐದೂವರೆ.